ಖರೀದಿಯಾಗದೆ ಉಳಿದ ಲಿಮಿಟ್ ಆರ್ಡರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಷ್ಟು ಬೆಲೆಗೆ ಅಥವಾ ಅದಕ್ಕಿಂತ ಅನುಕೂಲದ ಬೆಲೆಗೆ ಮಾತ್ರ ವ್ಯವಹಾರವಾಗಲಿ ಎಂದು ಕೊಡುವುದು ಲಿಮಿಟ್ ಆರ್ಡರ್. ಅದನ್ನು ಹಾಕುವುದು ಹೇಗೆಂದು ನನ್ನನ್ನು ಕೇಳುವವರು ಕಡಿಮೆ. ಹಾಕಿದ ಆರ್ಡರ್ ಅಲ್ಲೇ ನಿಂತುಬಿಟ್ಟರೆ ಏನು ಮಾಡಬೇಕು ಎಂದು ಕೇಳುವವರೇ ಹೆಚ್ಚು. ಪತ್ರಗಳಲ್ಲಿ, ಮಾತುಕತೆಗಳಲ್ಲಿ ಮತ್ತೆ ಮತ್ತೆ ಬಂದ ಅಂಥ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಹೆಚ್ಚಿನ ಉತ್ತರಗಳಲ್ಲಿ ಒಂದೇ ಉದಾಹರಣೆ ಬಳಸಿದ್ದೇನೆ: 485ರ ಆಸುಪಾಸಿನಲ್ಲಿ ನಡೆಯುತ್ತಿರುವ ಒಂದು ಷೇರು, ಅದರ 300 ಷೇರುಗಳಿಗೆ 482ರ ಖರೀದಿ ಲಿಮಿಟ್. ಕಂಪನಿ ಕಾಲ್ಪನಿಕ, ಲೆಕ್ಕ ನಿಜ.

## ಆರ್ಡರ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ

ಆರ್ಡರ್ ಹಾಕಿದೆ, ಆದರೆ ನನ್ನ ಷೇರುಗಳ ಪಟ್ಟಿಯಲ್ಲಿ ಏನೂ ಕಾಣುತ್ತಿಲ್ಲ. ಎಲ್ಲಿ ನೋಡಬೇಕು?

ನಿಮ್ಮಲ್ಲಿರುವ ಷೇರುಗಳ ಪಟ್ಟಿಯೂ ನೀವು ಕೊಟ್ಟ ಆರ್ಡರ್‌ಗಳ ಪಟ್ಟಿಯೂ ಬೇರೆ ಬೇರೆ ಪುಟಗಳು. ವ್ಯವಹಾರ ನಡೆಯದ ಆರ್ಡರ್ ಮೊದಲನೆಯದರಲ್ಲಿ ಬರುವುದೇ ಇಲ್ಲ. ‘ಆರ್ಡರ್ಸ್’ ಅಥವಾ ‘ಆರ್ಡರ್ ಬುಕ್’ ಎಂಬ ಪುಟಕ್ಕೆ ಹೋಗಿ, ಅದರ ಪಕ್ಕದಲ್ಲಿರುವ ಸ್ಥಿತಿಯನ್ನು ಓದಿ.

‘ಓಪನ್’ ಎಂದಿದ್ದರೆ ಆರ್ಡರ್ ಜೀವಂತವಾಗಿದೆ, ಯಾವ ಕ್ಷಣದಲ್ಲಾದರೂ ವ್ಯವಹಾರವಾಗಬಹುದು. ‘ರಿಜೆಕ್ಟೆಡ್’ ಎಂದಿದ್ದರೆ ಅದು ಸಾಲಿಗೆ ಸೇರಲೇ ಇಲ್ಲ. ಹಣ ಸಾಲದಿರಬಹುದು, ಅಥವಾ ಆ ದಿನದ ಬೆಲೆ ಮಿತಿಯ ಹೊರಗಿನ ಬೆಲೆ ಕೊಟ್ಟಿರಬಹುದು. ಕಾರಣ ಅಲ್ಲೇ ಬರೆದಿರುತ್ತದೆ, ಅದನ್ನು ಓದದೆ ಅದೇ ಆರ್ಡರ್ ಮತ್ತೆ ಹಾಕಬೇಡಿ. ‘ಎಕ್ಸ್‌ಪೈರ್ಡ್’ ಎಂದರೆ ಅವಧಿ ಮುಗಿದು ತಾನಾಗಿ ಹೋಗಿದೆ. ‘ಟ್ರಿಗರ್ ಪೆಂಡಿಂಗ್’ ಎಂಬ ಸ್ಥಿತಿಯನ್ನು ಬಹಳ ಮಂದಿ ‘ಓಪನ್’ ಎಂದೇ ತಿಳಿಯುತ್ತಾರೆ. ಅದು ಹಾಗಲ್ಲ. ನೀವು ಕೊಟ್ಟ ಟ್ರಿಗರ್ ಬೆಲೆ, ಅಂದರೆ ಆರ್ಡರ್ ಎಚ್ಚರಗೊಳ್ಳಬೇಕಾದ ಬೆಲೆ, ಬರುವವರೆಗೆ ಆ ಆರ್ಡರ್ ಖರೀದಿದಾರರ ಸಾಲಿನಲ್ಲಿ ನಿಂತಿರುವುದೇ ಇಲ್ಲ.

300 ಷೇರು ಕೇಳಿದ್ದೆ, 120/300 ಎಂದು ತೋರಿಸುತ್ತಿದೆ. ಉಳಿದ 180 ರದ್ದಾಯಿತೇ?

ಇಲ್ಲ. 120 ಷೇರುಗಳು ನಿಮ್ಮದಾಗಿವೆ, 180 ಷೇರುಗಳ ಬೇಡಿಕೆ ಅದೇ ಬೆಲೆಯಲ್ಲಿ ಇನ್ನೂ ನಿಂತಿದೆ. ನಿಮ್ಮ ಬೆಲೆಗೆ ಮಾರಲು ಒಪ್ಪಿದವರ ಬಳಿ ನಿಮ್ಮ ಪಾಲಿಗೆ ಬಂದದ್ದು ಅಷ್ಟೇ ಷೇರು, ಅಷ್ಟೇ ಕಾರಣ. ಇದರಲ್ಲಿ ದೋಷವೇನೂ ಇಲ್ಲ.

ಗಮನಿಸಬೇಕಾದದ್ದು ಬೇರೆ ಇದೆ. ಖರೀದಿಯಾದ 120 ಷೇರುಗಳ ವಿಷಯದಲ್ಲಿ ನಿಮ್ಮ ತೀರ್ಮಾನ ಮುಗಿದಿದೆ, ಉಳಿದ 180ರ ವಿಷಯದಲ್ಲಿ ಮುಗಿದಿಲ್ಲ. ಈ ಆರ್ಡರನ್ನು ರದ್ದು ಮಾಡಿದರೆ ರದ್ದಾಗುವುದು 180 ಮಾತ್ರ. ‘ಕ್ಯಾನ್ಸಲ್ಡ್’ ಎಂದು ಕಂಡ ಕೂಡಲೇ ಏನೂ ಖರೀದಿಯಾಗಿಲ್ಲ ಎಂದುಕೊಂಡು ಮತ್ತೆ 300ಕ್ಕೆ ಆರ್ಡರ್ ಹಾಕಿ, ಕೊನೆಗೆ 420 ಷೇರು ಇಟ್ಟುಕೊಂಡವರಿದ್ದಾರೆ. ರದ್ದಾದ ಆರ್ಡರಿನ ವಿವರ ತೆರೆದು ಎಷ್ಟು ಖರೀದಿಯಾಗಿತ್ತು ಎಂಬುದನ್ನು ಮೊದಲು ನೋಡಿ.

ಏನೂ ಖರೀದಿಯಾಗಿಲ್ಲ, ಆದರೂ ಖಾತೆಯಲ್ಲಿ ಹಣ ಕಡಿಮೆ ಕಾಣುತ್ತಿದೆ. ಏಕೆ?

ಓಪನ್ ಇರುವ ಖರೀದಿ ಆರ್ಡರ್‌ಗೆ ಬೇಕಾದ ಮೊತ್ತವನ್ನು ಬ್ರೋಕರ್ ತೆಗೆದಿರಿಸುತ್ತಾರೆ. 482ಕ್ಕೆ 300 ಷೇರು ಎಂದರೆ 1,44,600, ಜೊತೆಗೆ ಶುಲ್ಕದ ಅಂದಾಜು. ರದ್ದು ಮಾಡಿದರೆ ಆ ಹಣ ಬಿಡುಗಡೆಯಾಗುತ್ತದೆ. ಮಾರಾಟದ ಆರ್ಡರ್ ಇದ್ದರೆ ಹೀಗೆಯೇ ಷೇರುಗಳು ಹಿಡಿದಿಡಲ್ಪಡುತ್ತವೆ. ‘ಹೊಸ ಆರ್ಡರ್‌ಗೆ ಹಣ ಸಾಲದು’ ಎಂಬ ಸಂದೇಶ ಬಂದಾಗ ಮೊದಲು ಹುಡುಕಬೇಕಾದದ್ದು ನೀವು ಮರೆತುಹೋದ ಹಳೆಯ ಓಪನ್ ಆರ್ಡರನ್ನು.

ನಿನ್ನೆ ಹಾಕಿದ ಆರ್ಡರ್ ಇಂದು ಇಲ್ಲ. ಇನ್ನೊಂದು ಮಾತ್ರ ವಾರದಿಂದ ಹಾಗೆಯೇ ಇದೆ. ಇದೇನು ವ್ಯತ್ಯಾಸ?

ಆರ್ಡರ್ ಹಾಕುವಾಗ ನೀವು ಆರಿಸಿದ ಅವಧಿಯೇ ವ್ಯತ್ಯಾಸ. DAY ಎಂದಿದ್ದರೆ ಆ ದಿನದ ವ್ಯವಹಾರ ಮುಗಿಯುವಾಗ ಆರ್ಡರ್ ಹೋಗುತ್ತದೆ. IOC ಎಂದಿದ್ದರೆ ಆ ಕ್ಷಣದಲ್ಲಿ ಸಿಕ್ಕಷ್ಟನ್ನು ತೆಗೆದುಕೊಂಡು ಉಳಿದದ್ದು ತಕ್ಷಣ ರದ್ದಾಗುತ್ತದೆ. GTC ಎಂದಿದ್ದರೆ ನೀವು ರದ್ದು ಮಾಡುವವರೆಗೆ ಅಥವಾ ಬ್ರೋಕರ್ ಇಟ್ಟ ಗರಿಷ್ಠ ಅವಧಿ ಮುಗಿಯುವವರೆಗೆ ಉಳಿಯುತ್ತದೆ.

GTC ಬಗ್ಗೆ ಒಂದು ಮಾತು. ಇಂಥ ಆರ್ಡರ್ ಹಗಲೂ ರಾತ್ರಿ ವಿನಿಮಯ ಕೇಂದ್ರದ ಸಾಲಿನಲ್ಲೇ ನಿಂತಿರುತ್ತದೆ ಎಂದು ಭಾವಿಸಬೇಡಿ. ಉದಾಹರಣೆಗೆ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರ 2016ರ ಫೆಬ್ರುವರಿಯಿಂದ ಹೊಸ GTC ಆರ್ಡರ್‌ಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಹಾಗಿದ್ದೂ ಬ್ರೋಕರ್‌ಗಳು ಈ ಸೌಲಭ್ಯ ಕೊಡುತ್ತಾರೆ, ಏಕೆಂದರೆ ಅವರು ಆರ್ಡರನ್ನು ತಮ್ಮಲ್ಲಿ ಇಟ್ಟುಕೊಂಡು ಪ್ರತಿದಿನ ಹೊಸದಾಗಿ ಕಳಿಸುತ್ತಾರೆ. ಹಾಗೆ ಕಳಿಸಿದ ಆರ್ಡರ್‌ಗೆ ನಿನ್ನೆಯ ಸರದಿ ಇರುವುದಿಲ್ಲ. ವಾರದಿಂದ ಕಾಯುತ್ತಿದ್ದರೂ ಇಂದು ಬೆಳಿಗ್ಗೆ ಬಂದವರ ಜೊತೆಯಲ್ಲೇ ಅದು ನಿಲ್ಲಬೇಕು.

## ಏಕೆ ಆಗಲಿಲ್ಲ

ದಿನದ ಕನಿಷ್ಠ ಬೆಲೆ 482 ಎಂದು ಸ್ಪಷ್ಟವಾಗಿ ಕಾಣುತ್ತಿದೆ. ನನ್ನ ಲಿಮಿಟ್ ಕೂಡ 482. ಆದರೂ ಒಂದು ಷೇರೂ ಸಿಗಲಿಲ್ಲ. ಮೋಸ ನಡೆದಿದೆಯೇ?

ಇಷ್ಟು ಬೇಸರ ತರುವ ಇನ್ನೊಂದು ಪ್ರಶ್ನೆ ಈ ಪಟ್ಟಿಯಲ್ಲಿಲ್ಲ. ಉತ್ತರ ಬಹುಪಾಲು ಸಂದರ್ಭಗಳಲ್ಲಿ ಒಂದೇ: ನಿಮ್ಮ ಸರದಿ ಬರಲಿಲ್ಲ.

ಷೇರುಪೇಟೆಗಳಲ್ಲಿ ಸಾಮಾನ್ಯವಾಗಿ ಬೆಲೆಗೆ ಮೊದಲ ಆದ್ಯತೆ, ಒಂದೇ ಬೆಲೆಯವರಲ್ಲಿ ಮೊದಲು ಬಂದವರಿಗೆ ಆದ್ಯತೆ. ನೀವು 482ಕ್ಕೆ ಆರ್ಡರ್ ಹಾಕುವಾಗ ಅದೇ ಬೆಲೆಯಲ್ಲಿ ಈಗಾಗಲೇ 5,000 ಷೇರುಗಳ ಬೇಡಿಕೆ ಇತ್ತು ಎಂದುಕೊಳ್ಳಿ. ಬೆಲೆ ಇಳಿದು 482ಕ್ಕೆ ಬಂತು, ಅಲ್ಲಿ ಮಾರಾಟವಾದದ್ದು ಒಟ್ಟು 4,000 ಷೇರು, ಆಮೇಲೆ ಬೆಲೆ ಮೇಲೆದ್ದಿತು. ದಿನದ ಕನಿಷ್ಠ ಬೆಲೆ 482 ಎಂಬುದು ನಿಜ. ನಿಮ್ಮ ಮುಂದೆ ಇನ್ನೂ 1,000 ಷೇರುಗಳ ಬೇಡಿಕೆ ಉಳಿದಿತ್ತು ಎಂಬುದೂ ನಿಜ. ಅಲ್ಲಿ 5,120 ಷೇರು ಮಾರಾಟವಾಗಿದ್ದರೆ ನಿಮಗೆ 120 ಸಿಗುತ್ತಿತ್ತು.

ಆದ್ದರಿಂದ ಷೇರು ಖಚಿತವಾಗಿ ಸಿಗಬೇಕೆಂದರೆ ಬೆಲೆ ಲಿಮಿಟನ್ನು ಮುಟ್ಟಿದರೆ ಸಾಲದು, ಅದನ್ನು ದಾಟಿ ಹೋಗಬೇಕು. ಅದೇ ವಿನಿಮಯ ಕೇಂದ್ರದಲ್ಲಿ 481.95ಕ್ಕೆ ವ್ಯವಹಾರ ನಡೆಯಿತೆಂದರೆ 482ರಲ್ಲಿ ನಿಂತಿದ್ದ ಖರೀದಿದಾರರೆಲ್ಲ ಅದಕ್ಕೂ ಮೊದಲೇ ಷೇರು ಪಡೆದಿರಬೇಕು. ಇದೇ ಕಾರಣಕ್ಕೆ ದುಂಡು ಸಂಖ್ಯೆಗಳಲ್ಲಿ ಸಾಲು ಉದ್ದವಿರುತ್ತದೆ. ಎಲ್ಲರ ಮನಸ್ಸಿಗೂ 480, 500 ಎಂಬ ಬೆಲೆಗಳೇ ಮೊದಲು ಬರುತ್ತವೆ. 500ರ ಬದಲು 500.10ಕ್ಕೆ ಖರೀದಿ ಲಿಮಿಟ್ ಇಟ್ಟವರು ಆ ಇಡೀ ಸಾಲಿನ ಮುಂದೆ ನಿಲ್ಲುತ್ತಾರೆ.

ನನ್ನ ಮುಂದೆ ಎಷ್ಟು ಮಂದಿ ಇದ್ದಾರೆ ಎಂದು ತಿಳಿಯುವುದು ಹೇಗೆ?

ನಿಖರವಾಗಿ ತಿಳಿಯಲು ನಮ್ಮಂಥವರಿಗೆ ಸಾಮಾನ್ಯವಾಗಿ ಸಾಧ್ಯವಿಲ್ಲ, ಆದರೆ ಒಳ್ಳೆಯ ಅಂದಾಜು ಮಾಡಬಹುದು. ಆರ್ಡರ್ ಹಾಕುವ ಮೊದಲು, ಯಾವ ಬೆಲೆಗೆ ಎಷ್ಟು ಷೇರುಗಳ ಆರ್ಡರ್ ನಿಂತಿದೆ ಎಂದು ತೋರಿಸುವ ಮಾರ್ಕೆಟ್ ಡೆಪ್ತ್ ತೆರೆದು, ನಿಮ್ಮ ಬೆಲೆಯ ಎದುರಿಗಿರುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅದು ನಿಮ್ಮ ಮುಂದಿರುವ ಗರಿಷ್ಠ ಸಾಲು. ಆಮೇಲೆ ಆ ಬೆಲೆಯಲ್ಲಿ ನಡೆದ ವ್ಯವಹಾರದಷ್ಟು ಅದು ಕರಗುತ್ತದೆ. ಮುಂದಿದ್ದವರು ತಮ್ಮ ಆರ್ಡರ್ ರದ್ದು ಮಾಡಿದರೂ ಕರಗುತ್ತದೆ. ನಂತರ ಬಂದವರು ನಿಮ್ಮ ಹಿಂದೆ ಸೇರುವುದರಿಂದ ಡೆಪ್ತ್‌ನಲ್ಲಿ ಈಗ ಕಾಣುವ ದೊಡ್ಡ ಸಂಖ್ಯೆ ನೋಡಿ ಗಾಬರಿಯಾಗಬೇಕಿಲ್ಲ. ನೀವು ಬರೆದಿಟ್ಟ ಆ ಮೊದಲ ಸಂಖ್ಯೆಯೇ ಮುಖ್ಯ. ಡೆಪ್ತ್‌ನಲ್ಲಿ ಐದು ಹಂತಗಳಷ್ಟೇ ಕಾಣುತ್ತಿದ್ದು ನಿಮ್ಮ ಬೆಲೆ ಅದಕ್ಕಿಂತ ಕೆಳಗಿದ್ದರೆ ಸರದಿಯ ಚಿಂತೆಯನ್ನೇ ಬಿಡಿ, ಬೆಲೆ ಇನ್ನೂ ಅಲ್ಲಿಗೆ ಬಂದಿಲ್ಲ.

ಬೆಲೆ ನನ್ನ ಖರೀದಿ ಲಿಮಿಟ್‌ಗಿಂತಲೂ ಕೆಳಗೆ ಹೋಗಿದೆ. ಆರ್ಡರ್ ಇನ್ನೂ ಓಪನ್. ಇದಕ್ಕೂ ಸರದಿಯೇ ಕಾರಣವೇ?

ಅಲ್ಲ. 482ರ ಖರೀದಿ ಆರ್ಡರ್ ಸಾಲಿನಲ್ಲಿದ್ದು ಅದೇ ಕೇಂದ್ರದಲ್ಲಿ 480ಕ್ಕೆ ವ್ಯವಹಾರ ನಡೆಯುತ್ತಿದ್ದರೆ ಏನೋ ಹೊಂದುತ್ತಿಲ್ಲ ಎಂದೇ ಅರ್ಥ. ನಾನು ಈ ಕ್ರಮದಲ್ಲಿ ನೋಡುತ್ತೇನೆ. ಒಂದೇ ಷೇರು ಎರಡು ಕೇಂದ್ರಗಳಲ್ಲಿ ನಡೆಯುತ್ತಿದ್ದು, ಆರ್ಡರ್ ಒಂದರಲ್ಲಿ, ನೋಡುತ್ತಿರುವ ಬೆಲೆ ಇನ್ನೊಂದರದ್ದು ಆಗಿದೆಯೇ? ಆರ್ಡರ್ ‘ಟ್ರಿಗರ್ ಪೆಂಡಿಂಗ್’ ಸ್ಥಿತಿಯಲ್ಲಿದೆಯೇ? ಅದು ಬ್ರೋಕರ್ ಬಳಿಯೇ ಉಳಿದು ಕೇಂದ್ರಕ್ಕೆ ಹೋಗಿಲ್ಲವೇ? ಹೋಗಿದ್ದರೆ ವಿವರದಲ್ಲಿ ಕೇಂದ್ರದ ಆರ್ಡರ್ ಸಂಖ್ಯೆ ಇರುತ್ತದೆ, ಬ್ರೋಕರ್ ಕೊಟ್ಟ ಸಂಖ್ಯೆಯಷ್ಟೇ ಇದ್ದರೆ ಅನುಮಾನ ಬಲವಾಗುತ್ತದೆ. ಕೊನೆಯದಾಗಿ, ಪುಟವನ್ನು ಹೊಸದಾಗಿ ತೆರೆದು ನೋಡಿ, ನಿಮ್ಮ ಪರದೆ ಹಳೆಯ ಸ್ಥಿತಿಯನ್ನು ತೋರಿಸುತ್ತಿರಬಹುದು. ಇವೆಲ್ಲ ಸರಿಯಿದ್ದೂ ಆರ್ಡರ್ ನಿಂತಿದ್ದರೆ ಆರ್ಡರ್ ಸಂಖ್ಯೆ, ಸಮಯ ಮತ್ತು ಕೆಳಗಿನ ಬೆಲೆಯಲ್ಲಿ ನಡೆದ ವ್ಯವಹಾರದ ಸಮಯವನ್ನು ಬರೆದು ಬ್ರೋಕರ್‌ಗೆ ಕಳಿಸಿ. ಇದು ಕೇಳಲೇಬೇಕಾದ ಪ್ರಶ್ನೆ.

## ಉಳಿದದ್ದನ್ನು ಏನು ಮಾಡುವುದು

482ಕ್ಕೆ 120 ಸಿಕ್ಕಿತು, ಬೆಲೆ 486ಕ್ಕೆ ಏರಿತು. ಉಳಿದ 180ಕ್ಕೆ ಕಾಯಲೇ, ಬೆಲೆ ಏರಿಸಲೇ, ಬಿಟ್ಟುಬಿಡಲೇ?

ಈ ಪ್ರಶ್ನೆಗೆ ಆರ್ಡರ್ ಪುಟದಲ್ಲಿ ಉತ್ತರವಿಲ್ಲ. 482 ಎಂಬ ಬೆಲೆ ನಿಮಗೆ ಎಲ್ಲಿಂದ ಬಂತು ಎಂಬುದರಲ್ಲಿದೆ.

ಮೊದಲು ಲೆಕ್ಕ ಮಾಡೋಣ. ಈಗ 486ಕ್ಕೆ ಮಾರುವವರಿದ್ದಾರೆ. ಲಿಮಿಟನ್ನು 486ಕ್ಕೆ ಏರಿಸಿದರೆ 180 ಷೇರುಗಳಿಗೆ ತಲಾ 4ರಂತೆ 720 ಹೆಚ್ಚು ಕೊಡುತ್ತೀರಿ. ಮೊದಲ 120ಕ್ಕೆ 57,840, ಉಳಿದ 180ಕ್ಕೆ 87,480, ಒಟ್ಟು 1,45,320. ಸರಾಸರಿ 484.40.

ಈಗ ಇಬ್ಬರನ್ನು ಊಹಿಸಿಕೊಳ್ಳಿ. ಮೊದಲನೆಯವರು ಕಂಪನಿಯ ಲೆಕ್ಕಪತ್ರ ಓದಿ, ಈ ಷೇರಿಗೆ 560 ಸಲ್ಲುತ್ತದೆ ಎಂದು ತೀರ್ಮಾನಿಸಿ, ಕೆಲವು ವರ್ಷ ಇಟ್ಟುಕೊಳ್ಳಲು ಕೊಳ್ಳುತ್ತಿದ್ದಾರೆ. 485 ಇದ್ದಾಗ ಸ್ವಲ್ಪ ಕಡಿಮೆಗೆ ಸಿಕ್ಕರೆ ಸಿಗಲಿ ಎಂದು 482 ಹಾಕಿದ್ದರು. ಅವರಿಗೆ 4 ಎಂದರೆ ಶೇಕಡ ಒಂದಕ್ಕಿಂತಲೂ ಕಡಿಮೆ. ಅವರು ನಿರೀಕ್ಷಿಸುತ್ತಿರುವ ಲಾಭ 78ರಿಂದ 74ಕ್ಕೆ ಇಳಿಯುತ್ತದೆ. ಆ 4ಕ್ಕಾಗಿ 180 ಷೇರುಗಳ ಮೇಲಿನ 74ನ್ನು ಅಪಾಯಕ್ಕೆ ಒಡ್ಡುವುದರಲ್ಲಿ ಅರ್ಥವಿಲ್ಲ. ಅವರು ಬೆಲೆ ಏರಿಸಿ ಕೊಂಡುಬಿಡಬೇಕು.

ಎರಡನೆಯವರು ಕೆಲವು ದಿನಗಳ ವ್ಯವಹಾರಕ್ಕೆ ಬಂದವರು. 482ಕ್ಕೆ ಕೊಂಡು 490ಕ್ಕೆ ಮಾರುವುದು, 478ಕ್ಕೆ ಇಳಿದರೆ ನಷ್ಟ ಒಪ್ಪಿಕೊಂಡು ಹೊರಬರುವುದು ಅವರ ಯೋಜನೆ. 482ರಲ್ಲಿ ಲಾಭದ ಸಾಧ್ಯತೆ 8, ನಷ್ಟದ ಸಾಧ್ಯತೆ 4. ಅದೇ ವ್ಯಕ್ತಿ 486ಕ್ಕೆ ಕೊಂಡರೆ ಲಾಭ 4, ನಷ್ಟ 8. ಯೋಜನೆ ಅಕ್ಷರಶಃ ತಲೆಕೆಳಗಾಗಿದೆ. ಅವರು ಉಳಿದ 180ನ್ನು ಬೆನ್ನಟ್ಟಬಾರದು. 482ರಲ್ಲಿ ಬಿಟ್ಟಿಡಬಹುದು ಅಥವಾ ರದ್ದು ಮಾಡಿ 120ರಲ್ಲೇ ಯೋಜನೆ ನಡೆಸಬಹುದು.

ಒಂದೇ ಷೇರು, ಒಂದೇ ಆರ್ಡರ್, ಒಂದೇ 4ರ ವ್ಯತ್ಯಾಸ, ಆದರೆ ತೀರ್ಮಾನ ವಿರುದ್ಧ. ‘ಉಳಿದ ಆರ್ಡರ್‌ಗೆ ಸಾಮಾನ್ಯವಾಗಿ ಏನು ಮಾಡಬೇಕು’ ಎಂದು ಕೇಳಿದವರಿಗೆ ನಾನು ಒಂದು ಸಾಲಿನ ಉತ್ತರ ಕೊಡದಿರುವುದು ಇದೇ ಕಾರಣಕ್ಕೆ. ಆರ್ಡರ್ ಹಾಕುವಾಗಲೇ ಎರಡು ಬೆಲೆ ಬರೆದಿಡಿ: ಈಗ ಹಾಕುತ್ತಿರುವ ಲಿಮಿಟ್, ಮತ್ತು ಇದಕ್ಕಿಂತ ಹೆಚ್ಚು ಕೊಡಲಾರೆ ಎಂಬ ಕೊನೆಯ ಬೆಲೆ. ಮೊದಲನೆಯವರ ಕೊನೆಯ ಬೆಲೆ 500 ಇರಬಹುದು, ಎರಡನೆಯವರದು 482 ಅಥವಾ 483. ಉಳಿದ ಷೇರುಗಳ ಪ್ರಶ್ನೆ ಬಂದಾಗ ಈಗಿನ ಬೆಲೆಯನ್ನು ಆ ಎರಡನೆಯ ಸಂಖ್ಯೆಯ ಪಕ್ಕದಲ್ಲಿ ಇಟ್ಟು ನೋಡಿದರೆ ಸಾಕು.

ನಡುವಿನ ದಾರಿ ಎಂದು 484ಕ್ಕೆ ಏರಿಸಿದರೆ?

ಬಹಳ ಮಂದಿ ಇದನ್ನೇ ಮಾಡುತ್ತಾರೆ, ಇದರಿಂದ ಸಿಗುವುದು ಕಡಿಮೆ. ಕೊಳ್ಳುವವರ ಅತ್ಯುತ್ತಮ ಬೆಲೆ 485.50, ಮಾರುವವರದು 486 ಇರುವಾಗ 484 ಎಂದರೆ ನೀವು ಇನ್ನೂ ಸಾಲಿನ ಹಿಂದೆಯೇ ಇದ್ದೀರಿ. ಜೊತೆಗೆ 482ರಲ್ಲಿದ್ದ ಹಳೆಯ ಸರದಿಯನ್ನೂ ಬಿಟ್ಟುಕೊಟ್ಟಿರಿ. ಷೇರು ಬೇಕೇ ಬೇಕು ಎಂದಾದರೆ 486ಕ್ಕೆ ಹೋಗಿ. ಸ್ವಲ್ಪ ಕಾಯಬಲ್ಲೆ ಎಂದಾದರೆ 485.50ರಲ್ಲಿ ಸೇರಿ, ಅಥವಾ ಅದಕ್ಕಿಂತ ಒಂದು ಹೆಜ್ಜೆ ಮೇಲೆ ನಿಂತು ಸಾಲಿನ ಮೊದಲಿಗರಾಗಿ.

ನಿಜವಾಗಿ ಭಯಪಡಬೇಕಾದದ್ದು ನಿಮಿಷಕ್ಕೊಮ್ಮೆ ಒಂದಿಷ್ಟು ಏರಿಸುವ ಅಭ್ಯಾಸಕ್ಕೆ. 483, 484.50, 486, 488 ಎಂದು ಹಿಂಬಾಲಿಸುವವರು ಪ್ರತಿ ಸಲವೂ ‘ಇನ್ನೊಂದೇ ರೂಪಾಯಿ’ ಎಂಬಂತೆ ಯೋಚಿಸುತ್ತಾರೆ. ಕೊನೆಗೆ ಮೊದಲೇ ಒಂದೇ ಸಲ ಕೊಟ್ಟಿದ್ದರೆ ಆಗುತ್ತಿದ್ದ ಬೆಲೆಗಿಂತ ಹೆಚ್ಚು ಕೊಟ್ಟಿರುತ್ತಾರೆ. ಪ್ರತಿ ಬದಲಾವಣೆಯಲ್ಲೂ ಸರದಿ ಹೋಗುತ್ತದೆ. ಬದಲಾಯಿಸುವುದಾದರೆ ಒಮ್ಮೆ, ವ್ಯವಹಾರವಾಗುವ ಬೆಲೆಗೆ ಬದಲಾಯಿಸಿ.

ಬದಲಾಯಿಸುವುದು ಒಳ್ಳೆಯದೋ, ರದ್ದು ಮಾಡಿ ಹೊಸದಾಗಿ ಹಾಕುವುದೋ?

ಬೆಲೆ ಬದಲಾಗುವುದಾದರೆ ಸರದಿ ಎರಡರಲ್ಲೂ ಹೋಗುತ್ತದೆ. ಸಂಖ್ಯೆಯನ್ನು ಹೆಚ್ಚಿಸಿದರೂ ಸಾಮಾನ್ಯವಾಗಿ ಸಾಲಿನ ಕೊನೆಗೆ ಹೋಗುತ್ತೀರಿ. ಸಂಖ್ಯೆಯನ್ನು ಕಡಿಮೆ ಮಾಡಿದರೆ ಮಾತ್ರ ಹೆಚ್ಚಿನ ಕೇಂದ್ರಗಳಲ್ಲಿ ಸರದಿ ಉಳಿಯುತ್ತದೆ. ಹಾಗಾಗಿ 180ರ ಬದಲು 100 ಸಾಕು ಎನ್ನಿಸಿದರೆ ರದ್ದು ಮಾಡಬೇಡಿ, ಬದಲಾಯಿಸಿ.

ಬದಲಾಯಿಸುವಾಗ ಒಂದು ಬಲೆ ಇದೆ. ಅರ್ಧ ಖರೀದಿಯಾದ ಆರ್ಡರಿನಲ್ಲಿ ‘ಸಂಖ್ಯೆ’ ಎಂಬ ಜಾಗದಲ್ಲಿ ಒಟ್ಟು ಸಂಖ್ಯೆ ಬರೆಯಬೇಕೋ, ಉಳಿದ ಸಂಖ್ಯೆಯೋ? ಬ್ರೋಕರ್‌ನಿಂದ ಬ್ರೋಕರ್‌ಗೆ ಇದು ಬೇರೆ. 300ರಲ್ಲಿ 120 ಸಿಕ್ಕಿದೆ, ಇನ್ನು 100 ಮಾತ್ರ ಬೇಕು ಎಂದುಕೊಳ್ಳಿ. ಒಟ್ಟು ಸಂಖ್ಯೆ ಕೇಳುವ ಕಡೆ 220 ಬರೆಯಬೇಕು, ಅಲ್ಲಿ 100 ಎಂದರೆ ಈಗಾಗಲೇ ಸಿಕ್ಕಿರುವುದಕ್ಕಿಂತ ಕಡಿಮೆಯಾಗಿ ಬದಲಾವಣೆ ತಿರಸ್ಕೃತವಾಗಬಹುದು. ಉಳಿದ ಸಂಖ್ಯೆ ಕೇಳುವ ಕಡೆ 220 ಬರೆದರೆ ಕೊನೆಗೆ ನಿಮ್ಮಲ್ಲಿ 340 ಷೇರು ಇರುತ್ತವೆ. ಬದಲಾವಣೆಯ ಪುಟ ತೆರೆದಾಗ ಅಲ್ಲಿ ತಾನಾಗಿ ಕಾಣುವ ಸಂಖ್ಯೆ 300 ಇದೆಯೋ 180 ಇದೆಯೋ ನೋಡಿ. ಸಾಮಾನ್ಯವಾಗಿ ಅದರಿಂದಲೇ ತಿಳಿಯುತ್ತದೆ.

ರದ್ದು ಒತ್ತಿದೆ, ಆದರೂ ಷೇರು ಬಂದು ಬಿದ್ದಿದೆ. ಹೀಗಾಗಲು ಸಾಧ್ಯವೇ?

ಸಾಧ್ಯ. ರದ್ದು ಎಂಬುದು ಒಂದು ಕೋರಿಕೆ. ಅದು ಕೇಂದ್ರವನ್ನು ತಲುಪುವ ಮೊದಲು ಯಾರಾದರೂ ನಿಮ್ಮ ಬೆಲೆಗೆ ಮಾರಿದರೆ ಆ ವ್ಯವಹಾರ ಊರ್ಜಿತ. ‘ಕ್ಯಾನ್ಸಲ್ ಪೆಂಡಿಂಗ್’ ಎಂದು ಕಾಣುವಷ್ಟು ಹೊತ್ತು ಆರ್ಡರ್ ಜೀವಂತ ಎಂದೇ ತಿಳಿಯಿರಿ. ‘ಕ್ಯಾನ್ಸಲ್ಡ್’ ಎಂಬ ಖಚಿತ ಉತ್ತರ ಬರುವ ಮುನ್ನ ಅದೇ ಷೇರಿಗೆ ಹೊಸ ಆರ್ಡರ್ ಹಾಕಬೇಡಿ. ಎರಡೂ ಖರೀದಿಯಾಗಿ 180ರ ಬದಲು 360 ಷೇರು ಕೈಗೆ ಬರುವುದು ಹೀಗೆಯೇ. ಬೆಲೆ ವೇಗವಾಗಿ ಓಡುತ್ತಿರುವಾಗ ನಮ್ಮೆಲ್ಲರ ಬೆರಳೂ ಅವಸರ ಮಾಡುತ್ತದೆ, ಈ ತಪ್ಪು ನಡೆಯುವುದೂ ಆಗಲೇ.

ನಷ್ಟ ತಡೆಯಲು ಹಾಕಿದ ಮಾರಾಟದ ಆರ್ಡರ್ ಹಾಗೆಯೇ ನಿಂತಿದೆ. ಅದಕ್ಕೂ ಇದೇ ಲೆಕ್ಕವೇ?

ಅಲ್ಲ, ದಯವಿಟ್ಟು ಇದನ್ನು ಬೇರೆಯಾಗಿ ನೋಡಿ. ಟ್ರಿಗರ್ 450, ಲಿಮಿಟ್ 448 ಎಂದು ಹಾಕಿದ್ದಿರಿ. ಷೇರು 452ರಿಂದ ನೇರವಾಗಿ 440ಕ್ಕೆ ಬಿತ್ತು. ಟ್ರಿಗರ್ ಆಯಿತು, ಮಾರಾಟದ ಆರ್ಡರ್ 448ಕ್ಕೆ ಓಪನ್ ಆಯಿತು, ಆದರೆ 448 ಕೊಡುವವರು ಈಗ ಯಾರೂ ಇಲ್ಲ. ನಷ್ಟಕ್ಕೆ ಬೇಲಿ ಹಾಕಿದ್ದೇನೆ ಎಂದು ನೀವು ನಂಬಿದ್ದೀರಿ, ಬೇಲಿ ಈಗ ಷೇರಿನ ಮೇಲಕ್ಕೆ ಉಳಿದುಹೋಗಿದೆ.

ಖರೀದಿ ಆಗದೆ ಉಳಿದರೆ ಕೈತಪ್ಪುವುದು ಒಂದು ಅವಕಾಶ. ಇಲ್ಲಿ ಆಗದೆ ಉಳಿದರೆ ನಷ್ಟವೇ ಬೆಳೆಯುತ್ತದೆ. ಹೊರಬರುವ ತೀರ್ಮಾನ ಬದಲಾಗಿಲ್ಲವಾದರೆ ಲಿಮಿಟನ್ನು ಈಗಿನ ಖರೀದಿದಾರರ ಬೆಲೆಗಿಂತ ತುಸು ಕೆಳಗೆ, ಉದಾಹರಣೆಗೆ 438ಕ್ಕೆ ಇಳಿಸಿ. 440 ಕೊಡುವವರಿದ್ದರೆ ಮೊದಲು ಅವರಿಗೇ ಹೋಗುತ್ತದೆ, 438 ಎಂಬುದು ಕೊನೆಯ ಮಿತಿ ಮಾತ್ರ. ಮುಂದಿನ ಸಲ ಟ್ರಿಗರ್ ಮತ್ತು ಲಿಮಿಟ್ ನಡುವೆ ಹೆಚ್ಚು ಅಂತರ ಬಿಡಿ.

## ದೀರ್ಘಕಾಲದ ಆರ್ಡರ್‌ಗಳು ಮತ್ತು ಆಳದ ಪ್ರಶ್ನೆಗಳು

ತಿಂಗಳಿನಿಂದ ಇರುವ ಆರ್ಡರ್ ಇದ್ದಕ್ಕಿದ್ದಂತೆ ಖರೀದಿಯಾಯಿತು. ಲಾಭಾಂಶದ ದಿನವೇ ಏಕೆ?

ಲಾಭಾಂಶದ ಹಕ್ಕು ಕಳಚುವ ದಿನ, ಅಂದರೆ ಎಕ್ಸ್ ಡೇಟ್‌ನಂದು, ಷೇರಿನ ಬೆಲೆ ಸುಮಾರಾಗಿ ಆ ಮೊತ್ತದಷ್ಟು ಕೆಳಗೆ ತೆರೆಯುತ್ತದೆ. ಹಿಂದಿನ ದಿನ 486ಕ್ಕೆ ಮುಗಿದ ಷೇರು 6ರ ಲಾಭಾಂಶ ಕಳಚಿ 480ರ ಸುತ್ತ ತೆರೆದರೆ 482ರ ನಿಮ್ಮ ಆರ್ಡರ್ ಖರೀದಿಯಾಗುತ್ತದೆ. ಅಗ್ಗಕ್ಕೆ ಸಿಕ್ಕಿತು ಎಂದು ಅನ್ನಿಸಬಹುದು, ಆದರೆ ಆ 6 ನಿಮಗೆ ಬರುವುದಿಲ್ಲ. ಷೇರು ಅಗ್ಗವಾಗಿಲ್ಲ.

ಅಮೆರಿಕದಲ್ಲಿ ಇದಕ್ಕೆ ನಿಯಮವೇ ಇದೆ: ಉಳಿದಿರುವ ಖರೀದಿ ಲಿಮಿಟ್ ಮತ್ತು ನಷ್ಟ ತಡೆಯಲು ಹಾಕಿದ ಮಾರಾಟದ ಸ್ಟಾಪ್ ಬೆಲೆಗಳನ್ನು ಬ್ರೋಕರ್ ಲಾಭಾಂಶದಷ್ಟು ತಗ್ಗಿಸಬೇಕು, ಗ್ರಾಹಕರು ಬೇಡವೆಂದು DNR ಗುರುತು ಹಾಕಿದ್ದರೆ ಮಾತ್ರ ಬಿಡಬಹುದು. ಬೇರೆ ಕಡೆ ಬ್ರೋಕರ್‌ಗಳು ಇಂಥ ಆರ್ಡರನ್ನು ರದ್ದು ಮಾಡಬಹುದು ಅಥವಾ ಮುಟ್ಟದೆ ಬಿಡಬಹುದು. ಷೇರು ವಿಭಜನೆಯಲ್ಲಿ ಪರಿಣಾಮ ಇನ್ನೂ ದೊಡ್ಡದು. ಒಂದು ಷೇರು ಎರಡಾದರೆ 480ರ ಬೆಲೆ 240 ಆಗುತ್ತದೆ. ಹೊಂದಿಸದೆ ಉಳಿದ 450ರ ಸ್ಟಾಪ್ ತಕ್ಷಣ ಟ್ರಿಗರ್ ಆಗಿ ನಿಮ್ಮ ಷೇರುಗಳನ್ನು ಕಾರಣವಿಲ್ಲದೆ ಮಾರಿಬಿಡಬಹುದು. ದೀರ್ಘಕಾಲದ ಆರ್ಡರ್ ಇಟ್ಟವರು ಆ ಕಂಪನಿಯ ಎಕ್ಸ್ ಡೇಟ್ ಮತ್ತು ಫಲಿತಾಂಶದ ದಿನಾಂಕಗಳನ್ನು ಆರ್ಡರ್ ಪಕ್ಕದಲ್ಲೇ ಬರೆದಿಡಬೇಕು, ಹಿಂದಿನ ಸಂಜೆಯೇ ಆರ್ಡರ್ ತೆರೆದು ನೋಡಬೇಕು.

ಬೇಗ ಖರೀದಿಯಾದ ಆರ್ಡರ್‌ಗಳೆಲ್ಲ ಮತ್ತಷ್ಟು ಬೀಳುತ್ತವೆ, ಆಗದೆ ಉಳಿದವು ಏರುತ್ತವೆ. ನನ್ನ ದುರದೃಷ್ಟವೇ?

ದುರದೃಷ್ಟವಲ್ಲ, ಲಿಮಿಟ್ ಆರ್ಡರಿನ ಸ್ವಭಾವ. 482ಕ್ಕೆ ಕೊಳ್ಳುತ್ತೇನೆ ಎಂದು ಆರ್ಡರ್ ನಿಲ್ಲಿಸಿದಾಗ ಆ ಬೆಲೆಗೆ ನಿಮಗೆ ಮಾರುವ ಹಕ್ಕನ್ನು ನೀವು ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದೀರಿ. ಅದನ್ನು ಯಾವಾಗ ಬಳಸಬೇಕೆಂದು ನಿರ್ಧರಿಸುವವರು ಅವರು. ಥಾಮಸ್ ಕೋಪ್‌ಲ್ಯಾಂಡ್ ಮತ್ತು ಡಾನ್ ಗಲಾಯ್ ಎಂಬ ಅರ್ಥಶಾಸ್ತ್ರಜ್ಞರು 1983ರಲ್ಲೇ ಇಂಥ ಬೆಲೆ ಪ್ರಸ್ತಾಪವನ್ನು ಪುಕ್ಕಟೆ ಆಯ್ಕೆ ಹಕ್ಕಾಗಿ ವಿಶ್ಲೇಷಿಸಿದ್ದರು. ಕೆಟ್ಟ ಸುದ್ದಿ ಬಂದಾಗ ಅದನ್ನು ನಿಮಗಿಂತ ಮೊದಲು ಓದಿದವರು 482ಕ್ಕೆ ನಿಮಗೆ ಮಾರುತ್ತಾರೆ, ಅರ್ಧ ಗಂಟೆಯಲ್ಲಿ ಬೆಲೆ 460 ಆಗಿರುತ್ತದೆ. ಒಳ್ಳೆಯ ಸುದ್ದಿ ಬಂದಾಗ ಯಾರೂ 482ಕ್ಕೆ ಮಾರುವುದಿಲ್ಲ.

ಇದರಿಂದ ಹೊರಡುವ ಕೆಲಸ ಸರಳ. ಫಲಿತಾಂಶ ಅಥವಾ ದೊಡ್ಡ ಘೋಷಣೆಯ ಸಮಯದಲ್ಲಿ ನೀವು ಪರದೆಯ ಮುಂದೆ ಇರುವುದಿಲ್ಲವಾದರೆ ಬೆಲೆಗೆ ಹತ್ತಿರದ ಆರ್ಡರನ್ನು ಅದಕ್ಕೆ ಮೊದಲು ರದ್ದು ಮಾಡಿ. ಸುದ್ದಿ ಓದಿದ ನಂತರವೂ 482 ಸರಿ ಎನ್ನಿಸಿದರೆ ಮತ್ತೆ ಹಾಕಿ. ಕಳೆದುಕೊಳ್ಳುವುದು ಸರದಿ ಮಾತ್ರ. ಆದರೆ 420ರಂಥ ಬಹು ಕೆಳಗಿನ ಬೆಲೆಯಲ್ಲಿ, ಯಾವ ಸುದ್ದಿ ಬಂದರೂ ಈ ಬೆಲೆಗೆ ಬೇಕು ಎಂದು ಯೋಚಿಸಿ ಇಟ್ಟ ಆರ್ಡರ್ ಬೇರೆ. ಅದನ್ನು ಇಟ್ಟಿರುವುದೇ ಅಂಥ ದಿನಕ್ಕೆ.

ಲಿಮಿಟ್ ಹಾಕಿ ಕಾಯುವುದರಿಂದ ನನಗೆ ಒಟ್ಟಾರೆ ಉಳಿತಾಯವೋ, ನಷ್ಟವೋ? ಹೇಗೆ ತಿಳಿಯುವುದು?

ಖರೀದಿಯಾದ ಆರ್ಡರ್‌ಗಳನ್ನಷ್ಟೇ ನೋಡಿದರೆ ಯಾವಾಗಲೂ ಉಳಿತಾಯವೇ ಕಾಣುತ್ತದೆ, ಏಕೆಂದರೆ ಆಗದೆ ಹೋದವು ಯಾವ ವರದಿಯಲ್ಲೂ ಬರುವುದಿಲ್ಲ. ಆಂಡ್ರೆ ಪೆರೋಲ್ಡ್ 1988ರಲ್ಲಿ ಈ ಕೊರತೆಗೆ ಒಂದು ಅಳತೆ ಕೊಟ್ಟರು: ಕೊಳ್ಳಬೇಕೆಂದು ತೀರ್ಮಾನಿಸಿದ ಕ್ಷಣದ ಬೆಲೆಯನ್ನು ಹಿಡಿದು, ನಡೆದ ವ್ಯವಹಾರದ ಜೊತೆಗೆ ನಡೆಯದೆ ಹೋದದ್ದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸುವುದು.

ನಮ್ಮ ಉದಾಹರಣೆಯಲ್ಲಿ ತೀರ್ಮಾನದ ಕ್ಷಣದ ಬೆಲೆ 485. 120 ಷೇರು 482ಕ್ಕೆ ಸಿಕ್ಕಿದ್ದರಿಂದ ಉಳಿತಾಯವಾದದ್ದು ತಲಾ 3ರಂತೆ 360. ಉಳಿದ 180 ಷೇರುಗಳನ್ನು ಆ ದಿನವೇ ಬಿಟ್ಟುಬಿಟ್ಟಿರಿ, ತಿಂಗಳ ನಂತರ ಬೆಲೆ 510 ಆಯಿತು ಎನ್ನಿ. ಕೈತಪ್ಪಿದ್ದು ತಲಾ 25ರಂತೆ 4,500. ಒಂದು ಆರ್ಡರಿನಿಂದ ಏನೂ ಸಾಬೀತಾಗುವುದಿಲ್ಲ, ಬೆಲೆ ಇಳಿದಿದ್ದರೆ ಬಿಟ್ಟದ್ದೇ ಲಾಭವಾಗುತ್ತಿತ್ತು.

ಒಂದು ಪುಸ್ತಕದಲ್ಲಿ ಪ್ರತಿ ಆರ್ಡರಿಗೂ ತೀರ್ಮಾನದ ಬೆಲೆ, ಲಿಮಿಟ್, ಖರೀದಿಯಾದ ಸಂಖ್ಯೆ, ಬಿಟ್ಟ ಸಂಖ್ಯೆ, ತಿಂಗಳ ನಂತರದ ಬೆಲೆ ಬರೆಯಿರಿ. ಇಪ್ಪತ್ತು ಮೂವತ್ತು ಆರ್ಡರ್‌ಗಳಾದ ಮೇಲೆ ಉಳಿತಾಯವನ್ನು ಒಂದು ಕಡೆ, ಬಿಟ್ಟ ಷೇರುಗಳ ಲಾಭ ನಷ್ಟವನ್ನು ಇನ್ನೊಂದು ಕಡೆ ಕೂಡಿಸಿ. ಬಿಟ್ಟ ಷೇರುಗಳ ಲಾಭ ಉಳಿತಾಯವನ್ನು ನುಂಗುತ್ತಿದ್ದರೆ ನಿಮ್ಮ ಲಿಮಿಟ್ ಈಗಿನ ಬೆಲೆಗಿಂತ ಅತಿ ದೂರದಲ್ಲಿದೆ, ಮುಂದಿನ ಆರ್ಡರಿನಲ್ಲಿ 485ರ ಷೇರಿಗೆ 482ರ ಬದಲು 484.50 ಹಾಕಿ ನೋಡಿ. ಹಾಗಿಲ್ಲವಾದರೆ ಈಗಿನ ಅಂತರ ನಿಮಗೆ ಸರಿಹೊಂದಿದೆ, ಅದನ್ನೇ ಇಟ್ಟುಕೊಳ್ಳಿ.